ಇಂಗ್ಲಿಷ್ ಸಮ್ಮತಿ ಪತ್ರವನ್ನು ನಿಂತ ನಿಲುವಿನಲ್ಲೇ ಕನ್ನಡದಲ್ಲಿ ಓದಿ ಹೇಳುವುದು: ಸೈಟ್ ಟ್ರಾನ್ಸ್‌ಲೇಷನ್‌ಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಬೆಳಗ್ಗೆ ಎಂಟರ ಹೊತ್ತಿಗೆ ಒಂದು ದೃಶ್ಯ ಕಾಣುತ್ತದೆ. ಶಿರಾದಿಂದಲೋ ಸಿಂಧನೂರಿನಿಂದಲೋ ರಾತ್ರಿ ಬಸ್ಸು ಹಿಡಿದು ಬಂದ ಹಿರಿಯರೊಬ್ಬರು ಹಾಸಿಗೆಯ ಮೇಲೆ ಕೂತಿರುತ್ತಾರೆ, ಕೈಯಲ್ಲಿ ಇಂಗ್ಲಿಷ್ ಸಮ್ಮತಿ ಪತ್ರ. ನರ್ಸ್ "ಇಲ್ಲಿ ಸೈನ್ ಮಾಡಿ" ಅನ್ನುತ್ತಾರೆ. ಅವರು ಸುತ್ತ ನೋಡುತ್ತಾರೆ. ಆಗ ಯಾರೋ ಒಬ್ಬರನ್ನು ಕರೆಯುತ್ತಾರೆ: "ಸ್ವಲ್ಪ ಇವರಿಗೆ ಕನ್ನಡದಲ್ಲಿ ಓದಿ ಹೇಳಿ." ಆ ಒಬ್ಬರಾಗಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಬರೆದದ್ದನ್ನು ಕಣ್ಣಲ್ಲಿ ಓದುತ್ತಾ ಆ ಕ್ಷಣದಲ್ಲೇ ಇನ್ನೊಂದು ಭಾಷೆಯಲ್ಲಿ ಬಾಯಿಬಿಟ್ಟು ಹೇಳುವ ಈ ಕೆಲಸಕ್ಕೆ ದುಭಾಷಿಗಳ ನಡುವೆ ಸೈಟ್ ಟ್ರಾನ್ಸ್‌ಲೇಷನ್ ಅಂತ ಹೆಸರು. ಕೋರ್ಟು, ಬ್ಯಾಂಕು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೂ ಇದು ನಡೆಯುತ್ತದೆ. ಇಲ್ಲಿ ನಾನು ಒಂದೇ ಒಂದು ಕಾಗದ ಹಿಡಿದು ಹೇಳುತ್ತೇನೆ: ಹೃದಯದ ರಕ್ತನಾಳಗಳನ್ನು ನೋಡುವ ಆಂಜಿಯೋಗ್ರಾಂ ಪರೀಕ್ಷೆಗೆ ಮುಂಚೆ ಕೊಡುವ ಒಂದು ಪುಟದ ಸಮ್ಮತಿ ಪತ್ರ. ಈ ಕೆಲಸದ ಕಷ್ಟಗಳೆಲ್ಲ ಆ ಒಂದೇ ಪುಟದಲ್ಲಿ ಸಿಗುತ್ತವೆ.

ನನ್ನ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

"ಬೇಕಾದ್ರೆ" ಎಂಬ ಪದ

ಕೆಲಸಕ್ಕೆ ಸೇರಿದ ಹೊಸದು. ಆಸ್ಪತ್ರೆಯ ಹೆಸರು ಬೇಡ. ಸುಮಾರು 60 ದಾಟಿದ ರೈತರೊಬ್ಬರು, ಜೊತೆಗೆ ಮಗ. ಪತ್ರದ ಮೇಲ್ಭಾಗದಲ್ಲಿ ಕೈಬರಹದಲ್ಲಿ ಹೀಗಿತ್ತು: "ಕೊರೊನರಿ ಆಂಜಿಯೋಗ್ರಾಂ ಅಂಡ್, ಇಫ್ ರಿಕ್ವೈರ್ಡ್, ಆಂಜಿಯೋಪ್ಲಾಸ್ಟಿ." ನಾನು ತಡವರಿಸದೆ ಓದಿದೆ: "ಆಂಜಿಯೋಗ್ರಾಂ ಮಾಡ್ತಾರೆ, ಬೇಕಾದ್ರೆ ಆಂಜಿಯೋಪ್ಲಾಸ್ಟಿನೂ ಮಾಡ್ತಾರೆ." ಅವರು ತಲೆಯಾಡಿಸಿ ಸಹಿ ಹಾಕಿದರು. ಮಧ್ಯಾಹ್ನ ಆಂಜಿಯೋಪ್ಲಾಸ್ಟಿಯೂ ಮುಗಿದು ಸ್ಟೆಂಟ್ ಹಾಕಿಯಾಗಿತ್ತು. ಸಂಜೆ ವಾರ್ಡಿಗೆ ಹೋದರೆ ಅವರು ನನ್ನನ್ನೇ ಕೇಳಿದರು: "ಬೇಕಾದ್ರೆ ಅಂದ್ರಲ್ಲಮ್ಮ. ನಾನು ಬೇಕು ಅಂದಿದ್ನಾ?"

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. "ಬೇಕಾದ್ರೆ ಕಾಫಿ ಕುಡೀರಿ" ಅಂದರೆ ನಿಮಗೆ ಇಷ್ಟವಿದ್ದರೆ ಅಂತ. "ಬೇಕಾದ್ರೆ ಇನ್ನೊಂದು ಕಂಬ ನಿಲ್ಲಿಸೋಣ" ಅಂದರೆ ಅಗತ್ಯ ಬಿದ್ದರೆ ಅಂತ. ಕನ್ನಡದ "ಬೇಕು" ಇಚ್ಛೆಯನ್ನೂ ಅಗತ್ಯವನ್ನೂ ಒಂದೇ ಪದದಲ್ಲಿ ಹೊತ್ತುಕೊಂಡಿದೆ. ಇಂಗ್ಲಿಷಿನ ಸಾಲಿನಲ್ಲಿದ್ದದ್ದು ಅಗತ್ಯ ಮಾತ್ರ. ನಾನು ಹೇಳಿದ್ದನ್ನು ಅವರು ಇಚ್ಛೆ ಅಂತ ಕೇಳಿಸಿಕೊಂಡರು, ಇನ್ನೊಮ್ಮೆ ತಮ್ಮನ್ನು ಕೇಳುತ್ತಾರೆ ಅಂದುಕೊಂಡು ಒಳಗೆ ಹೋದರು. ಕಾಗದದ ಮೇಲಿನ ಸಹಿ ಒಂದಕ್ಕೆ, ಅವರ ಮನಸ್ಸಿನ ಒಪ್ಪಿಗೆ ಇನ್ನೊಂದಕ್ಕೆ.

ಕಾನೂನಿನಲ್ಲೂ ಇದು ಸಣ್ಣ ವಿಷಯವಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟವಾಗಿ ಹೇಳಿತು: ರೋಗ ಪತ್ತೆಗೆ ಮಾಡುವ ಪರೀಕ್ಷೆಗೆ ಕೊಟ್ಟ ಒಪ್ಪಿಗೆ, ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಎರಡಕ್ಕೂ ಒಟ್ಟಿಗೆ ಒಪ್ಪಿಗೆ ಪಡೆಯಬಹುದು, ಆದರೆ ಹಾಗೆ ಪಡೆದಿರಬೇಕು. ಆ ಪ್ರಕರಣದಲ್ಲಿ ಲ್ಯಾಪರೊಸ್ಕೋಪಿಗೆಂದು ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ತುರ್ತು ಪರಿಸ್ಥಿತಿ ಇಲ್ಲದಿರುವಾಗ, ವಯಸ್ಕರಾಗಿ ತಮ್ಮ ನಿರ್ಧಾರ ತಾವೇ ಮಾಡಬಲ್ಲವರ ಪರವಾಗಿ ತಾಯಿಯ ಒಪ್ಪಿಗೆ ಸಲ್ಲದು ಎಂದಿತು ಕೋರ್ಟು. ಆಂಜಿಯೋಗ್ರಾಂ ಪರೀಕ್ಷೆ, ಆಂಜಿಯೋಪ್ಲಾಸ್ಟಿ ಚಿಕಿತ್ಸೆ. ಪತ್ರದಲ್ಲಿ ಎರಡನ್ನೂ ಕೂಡಿಸುವ ಕೊಂಡಿ "ಇಫ್ ರಿಕ್ವೈರ್ಡ್" ಎಂಬ ಎರಡೇ ಪದ, ಅದನ್ನೇ ನಾನು ಸಡಿಲವಾಗಿ ಕಟ್ಟಿದ್ದೆ.

ಈಗ ನಾನು ಓದುವುದು ಹೀಗೆ: "ಮೊದಲು ಆಂಜಿಯೋಗ್ರಾಂ ಪರೀಕ್ಷೆ. ಪರೀಕ್ಷೆ ಮಾಡುವಾಗ ಆಂಜಿಯೋಪ್ಲಾಸ್ಟಿ ಮಾಡೋ ಅಗತ್ಯ ಬಿದ್ರೆ, ಅದಕ್ಕೂ ಈ ಕಾಗದದಲ್ಲೇ ಒಪ್ಪಿಗೆ ಕೊಟ್ಟ ಹಾಗೆ." ಅಗತ್ಯ ಇದೆ ಅಂತ ತೀರ್ಮಾನ ಮಾಡುವವರು ಯಾರು, ಟೇಬಲ್ ಮೇಲೆ ಇನ್ನೊಮ್ಮೆ ಕೇಳುತ್ತಾರಾ? ಅದು ಪತ್ರದಲ್ಲಿ ಇರುವುದಿಲ್ಲ. ಆಂಜಿಯೋಗ್ರಾಂ ಹೊತ್ತಿನಲ್ಲಿ ರೋಗಿಗೆ ಸಾಮಾನ್ಯವಾಗಿ ಎಚ್ಚರ ಇರುತ್ತದೆ, ಕೇಳುವುದು ಸಾಧ್ಯ. ಕೇಳುತ್ತಾರೋ ಇಲ್ಲವೋ ಎಂಬುದನ್ನು ಡಾಕ್ಟರೇ ಹೇಳಬೇಕು. ಹಾಗಾಗಿ ಓದುವ ಮೊದಲೇ ಅವರನ್ನು ಕೇಳಿಕೊಳ್ಳುತ್ತೇನೆ. ಅವರ ಉತ್ತರವನ್ನು ರೋಗಿಗೆ ಹೇಳುವಾಗ "ಇದು ಕಾಗದದಲ್ಲಿ ಇಲ್ಲ, ಡಾಕ್ಟರ್ ಹೇಳ್ತಿರೋದು" ಅಂತ ಬೇರೆ ಮಾಡಿಯೇ ಹೇಳುತ್ತೇನೆ.

ಬಾಯಿ ತೆರೆಯುವ ಮುಂಚೆ: ಮೂರು ನಿಮಿಷ

ಕಾಗದ ಕೈಗೆ ಬಂದ ತಕ್ಷಣ ಓದಲು ಶುರು ಮಾಡಬೇಡಿ. "ಒಂದ್ಸಲ ನೋಡ್ಕೊಳ್ತೀನಿ, ಮೂರು ನಿಮಿಷ ಕೊಡಿ" ಅಂತ ಕೇಳಿ. ಕೊಡುವುದಿಲ್ಲ ಅಂದವರನ್ನು ನಾನು ಕಂಡದ್ದು ಕಡಿಮೆ.

ಮೊದಲು ನೋಡಬೇಕಾದದ್ದು ಖಾಲಿ ಜಾಗಗಳನ್ನು. ಅಚ್ಚಾದ ಪತ್ರದಲ್ಲಿ ಪ್ರಕ್ರಿಯೆಯ ಹೆಸರು, ಡಾಕ್ಟರ ಹೆಸರು, ವಿಶೇಷ ಅಪಾಯಗಳು ಎಂಬಲ್ಲಿ ಗೆರೆ ಎಳೆದು ಬಿಟ್ಟಿರುತ್ತಾರೆ. ಗೆರೆ ಖಾಲಿ ಇದ್ದರೆ ಓದಬೇಡಿ, ತುಂಬಿಸಿಕೊಂಡು ಬನ್ನಿ. ನೀವು ಓದಿದ ಮೇಲೆ ಯಾರೋ ಅಲ್ಲಿ ಬರೆದರೆ, ರೋಗಿ ಕೇಳದ ಮಾತಿಗೆ ರೋಗಿಯ ಸಹಿ ಬಿದ್ದಿರುತ್ತದೆ. ಕೈಬರಹ ಅರ್ಥವಾಗದಿದ್ದರೆ ಊಹಿಸಬೇಡಿ, ಬರೆದವರನ್ನೇ ಕೇಳಿ.

ಎರಡನೆಯದು, ಸಹಿ ಯಾರದ್ದು? ಪತ್ರ ರೋಗಿಯ ಹೆಸರಿನಲ್ಲಿದ್ದು, ಮಗ ಪೆನ್ನು ಹಿಡಿದು ನಿಂತಿದ್ದರೆ ಡಾಕ್ಟರ ಗಮನಕ್ಕೆ ತನ್ನಿ. ಓದುವುದು ರೋಗಿಗೆ. ಮಗ ಪಕ್ಕದಲ್ಲಿರಲಿ, ಆದರೆ ನಿಮ್ಮ ಮುಖ ರೋಗಿಯ ಕಡೆಗಿರಲಿ.

ಮೂರನೆಯದು, ಡಾಕ್ಟರ್ ಅಲ್ಲಿ ಇರುತ್ತಾರಾ? ಅಮೆರಿಕದಲ್ಲಿ ಆರೋಗ್ಯ ಕ್ಷೇತ್ರದ ದುಭಾಷಿಗಳ ರಾಷ್ಟ್ರೀಯ ಮಂಡಳಿ 2009ರಲ್ಲಿ ಸೈಟ್ ಟ್ರಾನ್ಸ್‌ಲೇಷನ್ ಮತ್ತು ಲಿಖಿತ ಅನುವಾದದ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಸಮ್ಮತಿ ಪತ್ರದಂಥ ಕಾಗದ ಓದುವಾಗ ಪ್ರಶ್ನೆಗೆ ಉತ್ತರಿಸಲು ವೈದ್ಯ ಸಿಬ್ಬಂದಿ ಜೊತೆಗಿರಬೇಕು ಎಂಬುದು ಅದರ ಆಶಯ. ಕಾರಣ ಸರಳ. "ಸ್ಟೆಂಟ್ ಹಾಕದೆ ಮಾತ್ರೆಯಲ್ಲೇ ಗುಣ ಆಗಲ್ವಾ?" ಅಂತ ರೋಗಿ ಕೇಳಿದರೆ ಉತ್ತರ ನಿಮ್ಮದಲ್ಲ. ಡಾಕ್ಟರ್ ಇಲ್ಲದಿದ್ದರೆ ಒಂದೋ ನೀವು ಸುಮ್ಮನಾಗಬೇಕು, ಇಲ್ಲವೇ ಡಾಕ್ಟರಾಗಬೇಕು. ಎರಡೂ ತಪ್ಪು.

ಉಳಿದ ಹೊತ್ತಿನಲ್ಲಿ ಪೂರ್ತಿ ಪುಟದ ಮೇಲೆ ಕಣ್ಣಾಡಿಸಿ. ಅರ್ಥ ಬಿಡಿಸುತ್ತಾ ಕೂರಬೇಡಿ, ಎಡವುವ ಜಾಗಗಳನ್ನು ಮಾತ್ರ ಹುಡುಕಿ. ನಾನು ಹುಡುಕುವುದು ನಾಲ್ಕು: ಅಂಕಿಗಳು, "ನಾಟ್", "ನೋ", "ಅನ್‌ಲೆಸ್" ಥರದ ನಿಷೇಧಗಳು, "ಇಫ್" ಮತ್ತು "ಅಂಡ್/ಆರ್", ಮೂರು ಸಾಲಿಗಿಂತ ಉದ್ದದ ವಾಕ್ಯಗಳು. ಮೂಲ ಪತ್ರದ ಮೇಲೆ ಗೀಚುವಂತಿಲ್ಲ, ಅದು ದಾಖಲೆ. ಜೆರಾಕ್ಸ್ ಸಿಕ್ಕರೆ ಪೆನ್ಸಿಲಿನಲ್ಲಿ ಗುರುತು ಮಾಡಿ. ಸಿಗದಿದ್ದರೆ ಒಂದು ಚೀಟಿಯಲ್ಲಿ ಅಂಕಿಗಳನ್ನೂ ಗೊತ್ತಿಲ್ಲದ ಪದಗಳನ್ನೂ ಬರೆದುಕೊಂಡು ಡಾಕ್ಟರನ್ನು ಕೇಳಿ.

ಉದ್ದ ವಾಕ್ಯವನ್ನು ಮುರಿಯುವುದು

ಇದು ಈ ಕೆಲಸದ ಹೃದಯ, ಇಲ್ಲಿ ನಿಧಾನವಾಗಿ ಹೋಗೋಣ. ಪತ್ರದ ಒಂದು ವಾಕ್ಯ ಕನ್ನಡ ಲಿಪಿಯಲ್ಲಿ ಹೀಗೆ:

"ಐ ಅಂಡರ್‌ಸ್ಟ್ಯಾಂಡ್ ದಟ್ ದಿಸ್ ಪ್ರೊಸೀಜರ್, ವಿಚ್ ಹ್ಯಾಸ್ ಬೀನ್ ಎಕ್ಸ್‌ಪ್ಲೇನ್ಡ್ ಟು ಮಿ, ಕ್ಯಾರೀಸ್ ರಿಸ್ಕ್ಸ್ ಇನ್‌ಕ್ಲೂಡಿಂಗ್ ಬ್ಲೀಡಿಂಗ್, ಅಲರ್ಜಿಕ್ ರಿಯಾಕ್ಷನ್ ಟು ದಿ ಕಾಂಟ್ರಾಸ್ಟ್, ಕಿಡ್ನಿ ಇಂಜುರಿ, ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಅಂಡ್, ರೇರ್ಲಿ, ಡೆತ್."

ಇಂಗ್ಲಿಷಿನಲ್ಲಿ ಕ್ರಿಯಾಪದ ಎರಡನೇ ಪದಕ್ಕೇ ಬಂದುಬಿಟ್ಟಿದೆ, ಹೊರೆಯೆಲ್ಲ ಬಲಕ್ಕೆ ಬೆಳೆಯುತ್ತಾ ಹೋಗಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಇದೇ ವಾಕ್ಯವನ್ನು ಒಂದೇ ವಾಕ್ಯವಾಗಿ ಕನ್ನಡಕ್ಕೆ ತಿರುಗಿಸಲು ಹೊರಟರೆ "ನನಗೆ ವಿವರಿಸಲಾಗಿರುವ ಈ ಪ್ರಕ್ರಿಯೆಯು ರಕ್ತಸ್ರಾವ, ಕಾಂಟ್ರಾಸ್ಟ್‌ಗೆ ಅಲರ್ಜಿ, ಮೂತ್ರಪಿಂಡಕ್ಕೆ ಹಾನಿ, ಪಾರ್ಶ್ವವಾಯು, ಹೃದಯಾಘಾತ ಮತ್ತು ವಿರಳವಾಗಿ ಮರಣ ಸೇರಿದಂತೆ ಅಪಾಯಗಳನ್ನು ಒಳಗೊಂಡಿದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ" ಅಂತಾಗುತ್ತದೆ. ಬರೆದರೆ ವ್ಯಾಕರಣಕ್ಕೆ ಕುಂದಿಲ್ಲ. ಕೇಳುವವರಿಗೆ ಮಾತ್ರ ಕೊನೆಯವರೆಗೂ ಇದು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಹೇಳುವವರ ಕಷ್ಟ ಇನ್ನೂ ದೊಡ್ಡದು: "ಅಂಡರ್‌ಸ್ಟ್ಯಾಂಡ್" ಅನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡೇ ಆರು ಅಪಾಯ ದಾಟಿ, ಕೊನೆಗೆ ಅದನ್ನು ಇಳಿಸಬೇಕು. ಅರ್ಧದಲ್ಲಿ ಮರೆತುಹೋಗಿ "ಒಳಗೊಂಡಿದೆ" ಅಂತ ನಿಂತುಬಿಡುವುದು ಹೊಸಬರಲ್ಲಿ ಅತಿ ಸಾಮಾನ್ಯ ತಪ್ಪು.

ಹಾಗಾಗಿ ವಾಕ್ಯವನ್ನು ಅದರ ಗೆಣ್ಣುಗಳಲ್ಲಿ ಮುರಿಯಿರಿ. "ದಟ್", "ವಿಚ್", "ಇನ್‌ಕ್ಲೂಡಿಂಗ್" ಇವು ಗೆಣ್ಣು. ಪ್ರತಿ ಗೆಣ್ಣಿನಲ್ಲಿ ಒಂದು ಪುಟ್ಟ ಕನ್ನಡ ವಾಕ್ಯ ಮುಗಿಯಲಿ:

"ಈ ಪರೀಕ್ಷೆ ಏನು ಅಂತ ನನಗೆ ವಿವರಿಸಿದ್ದಾರೆ. ಇದರಲ್ಲಿ ಅಪಾಯಗಳಿವೆ ಅಂತ ನನಗೆ ತಿಳಿದಿದೆ. ಯಾವ್ಯಾವು ಅಂದ್ರೆ, ರಕ್ತ ಹರಿಯಬಹುದು. ಒಳಗೆ ಬಿಡೋ ಡೈ ಮೈಗೆ ಒಗ್ಗದೆ ಅಲರ್ಜಿ ಆಗಬಹುದು. ಕಿಡ್ನಿಗೆ ಪೆಟ್ಟು ಬೀಳಬಹುದು. ಸ್ಟ್ರೋಕ್, ಅಂದ್ರೆ ಲಕ್ವ ಹೊಡೀಬಹುದು. ಹಾರ್ಟ್ ಅಟ್ಯಾಕ್ ಆಗಬಹುದು. ಅಪರೂಪಕ್ಕೆ ಪ್ರಾಣ ಹೋಗಬಹುದು. ಇಷ್ಟೇ ಅಂತಲ್ಲ, ಇವೂ ಸೇರಿ."

ಕೊನೆಯ ತುಂಡನ್ನು ನೋಡಿ. "ಇನ್‌ಕ್ಲೂಡಿಂಗ್" ಎಂದರೆ ಪಟ್ಟಿ ಇಲ್ಲಿಗೆ ಮುಗಿಯಲಿಲ್ಲ ಅಂತ. ಮುರಿಯುವ ಭರದಲ್ಲಿ ಅದು ಬಿದ್ದುಹೋದರೆ ಆರೇ ಅಪಾಯ ಅಂದ ಹಾಗಾಗುತ್ತದೆ. "ರೇರ್ಲಿ" ಎಂಬ ಪದವೂ ಅಷ್ಟೇ. ಇಂಗ್ಲಿಷಿನಲ್ಲಿ ಅದು ಸಾವಿನ ಪಕ್ಕದಲ್ಲಿದೆ, ಸಾವಿಗೆ ಮಾತ್ರ ಅಂಟಿದೆ. ಅದನ್ನು ವಾಕ್ಯದ ಮುಂದಕ್ಕೆ ತಂದು "ಅಪರೂಪಕ್ಕೆ ಈ ತೊಂದರೆಗಳು ಆಗಬಹುದು" ಅಂದರೆ ಆರನ್ನೂ ಅಪರೂಪ ಮಾಡಿದಿರಿ. ವಾಕ್ಯ ಮುರಿಯುವುದು ನಿಮ್ಮ ಹಕ್ಕು, ಆದರೆ ಯಾವ ಪದ ಯಾವುದಕ್ಕೆ ಅಂಟಿತ್ತು ಎಂಬುದು ಮುರಿದ ಮೇಲೂ ಉಳಿಯಬೇಕು.

"ಡೆತ್" ಬಗ್ಗೆ ಒಂದು ಮಾತು. ರೋಗಿಯ ಎದುರು ಸಾವಿನ ಮಾತಾಡುವುದು ನಮ್ಮಲ್ಲಿ ಅಪಶಕುನ. ನೀವು ಆ ಪದಕ್ಕೆ ಬರುವಷ್ಟರಲ್ಲಿ ಮಗಳೋ ಮಗನೋ ಹಿಂದಿನಿಂದ ಕಣ್ಸನ್ನೆ ಮಾಡುತ್ತಾರೆ, ಬೇಡ ಅಂತ. ನಾನೂ ಬಹಳ ಕಾಲ "ಜೀವಕ್ಕೆ ಸ್ವಲ್ಪ ಅಪಾಯ" ಅಂತ ಓದುತ್ತಿದ್ದೆ. ಆದರೆ ಪತ್ರದಲ್ಲಿ "ಸ್ವಲ್ಪ" ಇಲ್ಲ. ಅದನ್ನು ಮೆತ್ತಗೆ ಮಾಡುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ಈಗ ಓದಲು ಶುರು ಮಾಡುವ ಮುಂಚೆಯೇ ಹೇಳಿಬಿಡುತ್ತೇನೆ: "ಈ ಕಾಗದದಲ್ಲಿ ಒಳ್ಳೇದು ಕೆಟ್ಟದ್ದು ಎರಡೂ ಬರೆದಿರುತ್ತೆ ಯಜಮಾನ್ರೇ, ಇದ್ದದ್ದು ಇದ್ದ ಹಾಗೇ ಓದ್ತೀನಿ." ಆಮೇಲೆ "ಪ್ರಾಣ ಹೋಗಬಹುದು" ಅಂದಾಗ ಯಾರೂ ನನ್ನ ಮೇಲೆ ಸಿಡುಕಿದ್ದು ನೆನಪಿಲ್ಲ. ಮನೆಯವರು ಓದಬೇಡಿ ಅಂತ ಬಾಯಿಬಿಟ್ಟೇ ಹೇಳಿದರೆ, ಅದು ಡಾಕ್ಟರಿಗೂ ಮನೆಯವರಿಗೂ ಬಿಟ್ಟ ಮಾತುಕತೆ. ನಾನು ಕಾಗದ ಕೆಳಗಿಟ್ಟು ಡಾಕ್ಟರನ್ನು ಕರೆಯುತ್ತೇನೆ.

ಕೊನೆಗೆ ಬರುವ "ಇಲ್ಲ"

ಪತ್ರದ ಇನ್ನೊಂದು ಸಾಲು: "ನೋ ಗ್ಯಾರಂಟಿ ಹ್ಯಾಸ್ ಬೀನ್ ಗಿವನ್ ಟು ಮಿ ಆಸ್ ಟು ದಿ ರಿಸಲ್ಟ್." ಇಂಗ್ಲಿಷಿನಲ್ಲಿ "ನೋ" ಮೊದಲ ಪದ. ಕನ್ನಡದಲ್ಲಿ ಅದು ಕೊನೆಗೆ ಜಾರುತ್ತದೆ: "ಗುಣ ಆಗುತ್ತೆ ಅಂತ ನನಗೆ ಗ್ಯಾರಂಟಿ ಕೊಟ್ಟಿಲ್ಲ." ಕೇಳುವವರ ಮುಖ ನೋಡಿದರೆ ಗೊತ್ತಾಗುತ್ತದೆ. "ಗುಣ ಆಗುತ್ತೆ ಅಂತ" ಅನ್ನುವಷ್ಟರಲ್ಲಿ ಅವರು ತಲೆಯಾಡಿಸಿಬಿಟ್ಟಿರುತ್ತಾರೆ. ಗಾಬರಿಯಲ್ಲಿರುವ ಮನುಷ್ಯ ತನಗೆ ಬೇಕಾದ ತುಂಡನ್ನು ಹಿಡಿದುಕೊಳ್ಳುತ್ತಾನೆ. ಕೊನೆಯ "ಇಲ್ಲ" ಟ್ರಾಲಿ ಸದ್ದಿನಲ್ಲಿ ಮುಳುಗಿಹೋಗಬಹುದು.

ಹಾಗಾಗಿ ನಿಷೇಧವನ್ನು ಮುಂದಕ್ಕೆ ತರುವ ವಾಕ್ಯದ ಅಚ್ಚು ಒಂದೆರಡನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. "ಯಾರೂ ಗ್ಯಾರಂಟಿ ಕೊಟ್ಟಿಲ್ಲ, ಇದರಿಂದ ಇಂಥದ್ದೇ ಫಲ ಸಿಗುತ್ತೆ ಅಂತ." ಮಾತಿನ ಕನ್ನಡದಲ್ಲಿ ಹೀಗೆ ಹಿಂದುಮುಂದು ಮಾಡುವುದು ಸಹಜವೇ, ದಿನವೂ ಮಾಡುತ್ತೇವೆ: "ನಾನು ಹೋಗಲ್ಲ ಕಣೋ, ಆ ಮದುವೆಗೆ." ಬರಹದಲ್ಲಿ ಮಾತ್ರ ನಾವದನ್ನು ಬಿಟ್ಟಿದ್ದೇವೆ. "ಯಾರೂ", "ಯಾವುದೂ", "ಯಾವತ್ತೂ" ಮುಂತಾದ ಪದದಿಂದ ಶುರು ಮಾಡಿದರೆ ಕೇಳುವ ಕಿವಿ ಮುಂದೆ "ಇಲ್ಲ" ಬರುತ್ತದೆಂದು ಕಾಯುತ್ತದೆ. ಷರತ್ತಿಗೂ ಇದೇ ದಾರಿ. "ಇಫ್" ವಾಕ್ಯದ ನಡುವೆ ಅಡಗಿದ್ದರೆ "ಅಕಸ್ಮಾತ್" ಅಂತ ಮೊದಲೇ ಗಂಟೆ ಹೊಡೆದು ಒಳಹೋಗಿ.

"ನಾನು" ಅಂದರೆ ಯಾರು?

ಸಮ್ಮತಿ ಪತ್ರ ಪೂರ್ತಿ "ಐ" ಎಂದೇ ಮಾತಾಡುತ್ತದೆ. ದುಭಾಷಿಗಳ ನಿಯಮವೂ ಅದೇ: ಮೂಲದಲ್ಲಿ ಉತ್ತಮ ಪುರುಷ ಇದ್ದರೆ ನೀವೂ ಅದರಲ್ಲೇ ಹೇಳಬೇಕು. ಆದರೆ ನೀವು ಎದುರು ಕೂತು "ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರಿಗೆ ತಿಳಿಸಿದ್ದೇನೆ" ಅಂತ ಓದಿದರೆ, ಪತ್ರ ಎಂದರೇನು ಎಂಬ ಅಭ್ಯಾಸವಿಲ್ಲದ ಅಜ್ಜಿ "ಅಯ್ಯೋ, ನಿಂಗೂ ಐತಾ ಮಗ" ಅಂತ ಮರುಗುತ್ತಾರೆ. ನನಗೆ ಹೀಗಾಗಿದೆ.

ಕೆಲವರು ಅದಕ್ಕೇ "ನೀವು" ಅಂತ ಬದಲಿಸಿಕೊಂಡು ಓದುತ್ತಾರೆ. ನನ್ನ ಅನುಭವದಲ್ಲಿ ಅದು ಮೂರನೇ ಸಾಲಿಗೆ ಕೈಕೊಡುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಬಾಲವೂ ಬದಲಾಗಬೇಕಲ್ಲ, "ಒಪ್ಪಿದ್ದೇನೆ" ಹೋಗಿ "ಒಪ್ಪಿದ್ದೀರಿ" ಆಗಬೇಕು. ಕಣ್ಣು ಇಂಗ್ಲಿಷಿನ "ಐ" ನೋಡುತ್ತಿರುವಾಗ ಬಾಯಿ "ನೀವು" ಅನ್ನಬೇಕು. ಒಂದು ಕಡೆ ತಪ್ಪಿದರೆ ಯಾರು ಯಾರಿಗೆ ಏನು ಒಪ್ಪಿಕೊಂಡರು ಎಂಬುದೇ ಕಲಸಿಹೋಗುತ್ತದೆ. ಇನ್ನೂ ಒಂದು ತೊಡಕಿದೆ. "ನೀವು ಒಪ್ಪಿದ್ದೀರಿ" ಎಂಬುದು ಅಪ್ಪಣೆಯ ಹಾಗೆ ಕೇಳಿಸುತ್ತದೆ. "ನಾನು ಒಪ್ಪಿದ್ದೇನೆ" ಎಂಬ ಮಾತು ಕೇಳಿದವರಿಗೆ ತಾನು ಅದನ್ನು ಹೇಳಲು ಸಿದ್ಧನೋ ಇಲ್ಲವೋ ಅಂತ ಯೋಚಿಸಲು ಜಾಗ ಸಿಗುತ್ತದೆ.

ಹಾಗಾಗಿ ಓದುವ ಮೊದಲು ಒಂದು ವಾಕ್ಯ ಸೇರಿಸಿ: "ಇದು ನೀವು ಬರೆದುಕೊಡೋ ಕಾಗದ. ಇದರಲ್ಲಿ ನಾನು ಅಂತ ಬಂದ ಕಡೆಯೆಲ್ಲ ಅದು ನೀವು." ಆಮೇಲೆ ಧೈರ್ಯವಾಗಿ "ನಾನು" ಅಂತಲೇ ಓದಿ. ನಡುವೆ ಅವರ ಮುಖದಲ್ಲಿ ಗೊಂದಲ ಕಂಡರೆ ನಿಮ್ಮ ಕೈಯನ್ನು ಅವರ ಕಡೆ ತೋರಿಸಿ, ಅಷ್ಟು ಸಾಕು.

ಪದಗಳ ಪುಸ್ತಕ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ಪತ್ರದ ಪದ, ಬಲಕ್ಕೆ ಜನರ ಬಾಯಲ್ಲಿರುವ ಪದ. ನಿಘಂಟಿನಿಂದ ತುಂಬಬೇಡಿ, ವಾರ್ಡಿನಿಂದ ತುಂಬಿ. "ಸ್ಟ್ರೋಕ್"ಗೆ ಪಾರ್ಶ್ವವಾಯು ಸರಿಯಾದ ಪದ, ಆದರೆ ನಾನು ಕಂಡ ಹೆಚ್ಚಿನವರಿಗೆ ಹತ್ತಿದ್ದು "ಲಕ್ವ". "ಶಸ್ತ್ರಚಿಕಿತ್ಸೆ"ಗಿಂತ "ಆಪರೇಷನ್" ಹಳ್ಳಿಯಲ್ಲೂ ಚಲಾವಣೆಯಲ್ಲಿದೆ. "ಸ್ಟೆಂಟ್"ಗೆ ಕನ್ನಡ ಪದ ಹುಡುಕಬೇಡಿ, ಆ ಹೆಸರನ್ನೇ ಇಟ್ಟುಕೊಳ್ಳಿ, ಏಕೆಂದರೆ ಮುಂದೆ ಎಲ್ಲ ಡಾಕ್ಟರೂ ಅದನ್ನೇ ಕೇಳುತ್ತಾರೆ. ಮೊದಲ ಸಲ ಬಂದಾಗ ಮಾತ್ರ "ರಕ್ತನಾಳ ಮುಚ್ಚಿಕೊಳ್ಳದ ಹಾಗೆ ಒಳಗೆ ಕೂರಿಸೋ ಜಾಲರಿಯಂಥ ಸಣ್ಣ ಕೊಳವೆ" ಅಂತ ಡಾಕ್ಟರ ಎದುರು ಹೇಳಿ, ಅವರು ಹೌದು ಅನ್ನಲಿ.

"ಲೋಕಲ್ ಅನಸ್ತೇಷಿಯಾ" ಎಂಬಲ್ಲಿ ಹಲವರು "ಅರಿವಳಿಕೆ" ಅಂತ ಓದಿ ಮುಂದೆ ಹೋಗುತ್ತಾರೆ. ಕೇಳಿದವರು ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ ಅಂದುಕೊಳ್ಳುತ್ತಾರೆ, ಟೇಬಲ್ ಮೇಲೆ ಎಚ್ಚರ ಇದ್ದಾಗ ಹೆದರಿ ಕೈ ಎಳೆದುಕೊಳ್ಳುತ್ತಾರೆ. "ಆ ಜಾಗ ಮಾತ್ರ ಮರಗಟ್ಟೋ ಹಾಗೆ ಇಂಜೆಕ್ಷನ್" ಅನ್ನಿ. ಯಾವ ಜಾಗ ಎಂಬುದನ್ನೂ ಬೆರಳು ತೋರಿಸಿ ಹೇಳಿ. ಪತ್ರದಲ್ಲಿ "ರೇಡಿಯಲ್" ಅಂತಿದ್ದರೆ ಮಣಿಕಟ್ಟು, "ಫೆಮೊರಲ್" ಅಂತಿದ್ದರೆ ತೊಡೆಸಂದು.

ಶೇಕಡಾ ಲೆಕ್ಕವೂ ಪದದ ಪ್ರಶ್ನೆಯೇ. "ಲೆಸ್ ದ್ಯಾನ್ 1%" ಎಂದಿದ್ದರೆ "ನೂರು ಜನಕ್ಕೆ ಮಾಡಿದ್ರೆ ಒಬ್ಬರಿಗಿಂತ ಕಡಿಮೆ" ಅನ್ನಿ. "ತುಂಬಾ ಕಡಿಮೆ" ಅಂದರೆ ಅದು ನಿಮ್ಮ ಅಭಿಪ್ರಾಯ, ಪತ್ರದ್ದಲ್ಲ.

ಓದುವಾಗ

ಕಣ್ಣು ಮುಂದೆ, ನಾಲಿಗೆ ಹಿಂದೆ. ನೀವು ಒಂದು ತುಂಡು ಹೇಳುತ್ತಿರುವಾಗ ಕಣ್ಣು ಮುಂದಿನ ತುಂಡಿನ ಕ್ರಿಯಾಪದವನ್ನು ಹುಡುಕುತ್ತಿರಬೇಕು. ಬಾಯಿ ಮತ್ತು ಕಣ್ಣು ಒಂದೇ ಪದದ ಮೇಲೆ ಇದ್ದರೆ ಮುಂದಿನ ಗೆಣ್ಣಿನಲ್ಲಿ ಎಡವುವುದು ಖಚಿತ. ಎಡವುತ್ತಿದ್ದೀರಿ ಎಂಬುದಕ್ಕೆ ಸುಳಿವು "ಅಂದ್ರೆ... ಅಂದ್ರೆ..." ಎಂಬ ತಡವರಿಕೆ. ಆಗ ವೇಗ ಇಳಿಸಿ. ಮೌನವಾಗಿ ಎರಡು ಸೆಕೆಂಡ್ ನಿಂತರೆ ಕೇಳುವವರಿಗೆ ತೊಂದರೆ ಇಲ್ಲ. ಅರ್ಧ ವಾಕ್ಯ ಹೇಳಿ ಮತ್ತೆ ತಿದ್ದಿದರೆ ಎರಡು ಅರ್ಥ ಅವರ ತಲೆಯಲ್ಲಿ ಉಳಿಯುತ್ತವೆ. ತಪ್ಪಾಗಿದ್ದು ಗೊತ್ತಾದರೆ ಮುಚ್ಚಿಡಬೇಡಿ: "ಈ ಸಾಲು ತಪ್ಪು ಓದಿದೆ, ಬಿಟ್ಟುಬಿಡಿ. ಸರಿಯಾದ್ದು ಹೀಗಿದೆ."

ಒಂದು ಸಾಲನ್ನು ಅವಸರದಲ್ಲಿ ಎಲ್ಲರೂ ನುಂಗುತ್ತಾರೆ, ಪತ್ರದ ಕೊನೆಯಲ್ಲಿ ಅದು ಇದ್ದರೆ ಹುಡುಕಿ ಓದಿ. ಪ್ರಕ್ರಿಯೆ ಶುರುವಾಗುವ ಮುಂಚೆ ಯಾವಾಗ ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು ಎಂಬ ಸಾಲು. ಇಲ್ಲಿ "ಬೇಕಾದರೂ" ಇಚ್ಛೆಯೇ, ಆ ಪದ ಇಲ್ಲಿ ಸರಿಯಾದ ಜಾಗದಲ್ಲಿದೆ.

ಓದಿ ಮುಗಿಸಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಆಯ್ತು ಎನ್ನುವ ಉತ್ತರವೇ ಬರುವುದು. ಡಾಕ್ಟರ ಒಪ್ಪಿಗೆ ಪಡೆದು ಹೀಗೆ ಕೇಳಿ: "ನಾನು ಸರಿಯಾಗಿ ಓದಿದ್ನಾ ನೋಡ್ಬೇಕು. ಈಗ ಒಳಗೆ ಏನು ಮಾಡ್ತಾರೆ ಅಂತ ನಿಮ್ಮ ಮಾತಲ್ಲಿ ಹೇಳಿ." ಆ ರೈತರನ್ನು ಅವತ್ತು ಹೀಗೆ ಕೇಳಿದ್ದರೆ "ಫೋಟೋ ತೆಗೀತಾರೆ, ಆಮೇಲೆ ನನ್ನ ಕೇಳ್ತಾರೆ" ಅಂತಿದ್ದರು, ನನ್ನ ತಪ್ಪು ಅಲ್ಲೇ ಸಿಗುತ್ತಿತ್ತು. ಅವರು ತಪ್ಪು ಹೇಳಿದರೆ ಆ ಒಂದು ಸಾಲನ್ನು ಬೇರೆ ಪದಗಳಲ್ಲಿ ಮತ್ತೆ ಓದಿ. ಅದೇ ಪದಗಳನ್ನು ಜೋರಾಗಿ ಹೇಳಿದರೆ ಪ್ರಯೋಜನವಿಲ್ಲ.

ಅಭ್ಯಾಸ

ಅಮೆರಿಕದ ರಾಜ್ಯ ನ್ಯಾಯಾಲಯಗಳ ದುಭಾಷಿ ಪರೀಕ್ಷೆಯಲ್ಲಿ ಸೈಟ್ ಟ್ರಾನ್ಸ್‌ಲೇಷನ್‌ಗೆ ಸುಮಾರು 225 ಪದಗಳ ಕಾಗದ ಕೊಟ್ಟು, ಮೊದಲ ಓದೂ ಸೇರಿ 6 ನಿಮಿಷ ಕೊಡುತ್ತಾರೆ. ಅಳತೆಗೆ ಅದು ಒಳ್ಳೆಯದು, ಏಕೆಂದರೆ ಒಂದು ಪುಟದ ಸಮ್ಮತಿ ಪತ್ರವೂ ಹೆಚ್ಚುಕಡಿಮೆ ಅಷ್ಟೇ. ಮನೆಯಲ್ಲಿ ಮಾತ್ರೆ ಪೆಟ್ಟಿಗೆಯೊಳಗಿನ ಮಡಿಸಿದ ಕಾಗದ, ಇನ್ಶೂರೆನ್ಸ್ ಷರತ್ತು, ಬ್ಯಾಂಕಿನ ನೋಟಿಸು ಯಾವುದಾದರೂ ಸರಿ. ಫೋನಿನಲ್ಲಿ ರೆಕಾರ್ಡ್ ಹಾಕಿ, ಎರಡು ನಿಮಿಷ ನೋಡಿ, ನಾಲ್ಕು ನಿಮಿಷದಲ್ಲಿ ಓದಿ.

ಮೊದಲ ಎರಡು ವಾರ ಮಾತಾಡುವುದೇ ಬೇಡ, ಗೆಣ್ಣು ಗುರುತಿಸುವುದು ಮಾತ್ರ. ಇಂಗ್ಲಿಷ್ ಕಾಗದದ ಮೇಲೆ ಪ್ರತಿ ಉದ್ದ ವಾಕ್ಯಕ್ಕೆ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ, ಎಲ್ಲಿ ಕನ್ನಡ ವಾಕ್ಯ ಮುಗಿಸಬಹುದು ಅಂತ. ಆಮೇಲೆ ಒಂದು ರಟ್ಟಿನ ಚೂರು ತೆಗೆದುಕೊಳ್ಳಿ. ನೀವು ಓದುತ್ತಿರುವಾಗ ಮನೆಯವರು ಯಾರಾದರೂ ಆ ರಟ್ಟನ್ನು ಎಡದಿಂದ ಬಲಕ್ಕೆ ಸರಿಸುತ್ತಾ, ನೀವು ಹೇಳುತ್ತಿರುವ ತುಂಡನ್ನೇ ಮುಚ್ಚಲಿ. ಕಣ್ಣಿಗೆ ಮುಂದೆ ಓಡದೆ ಬೇರೆ ದಾರಿ ಇರುವುದಿಲ್ಲ. ನನ್ನ ಮಗಳು ಸಂಜೆ ಹತ್ತು ನಿಮಿಷ ಇದನ್ನು ಮಾಡುತ್ತಿದ್ದಳು, ನನ್ನ ತಡವರಿಕೆ ಹೆಚ್ಚು ಕಡಿಮೆ ಒಂದು ತಿಂಗಳಲ್ಲಿ ಇಳಿಯಿತು.

ರೆಕಾರ್ಡ್ ಕೇಳುವಾಗ ಮೂಲ ಕಾಗದ ಎದುರಿಗಿರಲಿ. ಮೊದಲ ಸಲ ಬಿಟ್ಟುಹೋದದ್ದನ್ನು ಮಾತ್ರ ಹುಡುಕಿ, ಎರಡನೇ ಸಲ ಸೇರಿಸಿದ್ದನ್ನು. ಸೇರಿಸುವುದು ಗೊತ್ತೇ ಆಗುವುದಿಲ್ಲ: "ಸ್ವಲ್ಪ", "ಏನೂ ಆಗಲ್ಲ", "ಸುಮ್ಮನೆ" ಥರದ ಸಮಾಧಾನದ ಪದಗಳು ತಾವಾಗಿಯೇ ನುಸುಳುತ್ತವೆ. ಸಾಧ್ಯವಾದರೆ ಇಂಗ್ಲಿಷ್ ಬಾರದ ಒಬ್ಬರಿಗೆ ಕೇಳಿಸಿ, ಏನು ಅರ್ಥವಾಯಿತು ಅಂತ ಬರೆದುಕೊಳ್ಳಿ. ನಿಮ್ಮ ಕನ್ನಡದೊಳಗೆ ಇನ್ನೂ ಎಲ್ಲೆಲ್ಲಿ ಇಂಗ್ಲಿಷ್ ಉಳಿದಿದೆ ಅಂತ ಅವರು ಮಾತ್ರ ತೋರಿಸಬಲ್ಲರು.

ಓದಬಾರದ ಕಾಗದ

ಎಲ್ಲವನ್ನೂ ಹೀಗೆ ಓದಲಾಗದು. ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಪತ್ರ ಹತ್ತು ಹನ್ನೆರಡು ಪುಟ ಇರಬಹುದು. ಅದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಇರಬೇಕು. ಓದಲು ಬಾರದವರಾದರೆ ಆ ಮಾತುಕತೆ ಮುಗಿಯುವವರೆಗೂ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಜೊತೆಗಿರಬೇಕು ಎಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಅಂಥ ಕಾಗದ ಕೊಟ್ಟು ಬೇಗ ಓದಿಬಿಡಿ ಅಂದರೆ ಕನ್ನಡ ಪ್ರತಿ ಎಲ್ಲಿ ಅಂತ ಕೇಳಿ. ಎರಡು ಪುಟ ದಾಟಿದ ಯಾವ ಸಮ್ಮತಿ ಪತ್ರಕ್ಕೂ ನಾನು ಈ ಪ್ರಶ್ನೆ ಕೇಳುತ್ತೇನೆ, ಎರಡನೇ ಪುಟದ ನಂತರ ಕೇಳುವವರ ಗಮನವೂ ನನ್ನ ಗಮನವೂ ಜಾರುವುದನ್ನು ಸಾಕಷ್ಟು ನೋಡಿದ್ದೇನೆ.

ಪತ್ರದ ತಳದಲ್ಲಿ ಓದಿ ಹೇಳಿದವರ ಸಹಿಗೆ ಜಾಗ ಇದ್ದರೆ, ಬರೀ ಹೆಸರು ಗೀಚಿ ಬಿಡಬೇಡಿ. ಯಾವ ಭಾಷೆ, ಎಷ್ಟು ಗಂಟೆ, ಎಷ್ಟು ಪುಟ, ಆಗ ಯಾವ ಡಾಕ್ಟರ್ ಇದ್ದರು ಎಂಬುದನ್ನು ಬರೆಯಿರಿ. ನಾನು ಬರೆಯುವುದು ಹೀಗೆ: "ಪೂರ್ತಿ 1 ಪುಟ, ಕೈಬರಹದ ಸಾಲೂ ಸೇರಿ, ಕನ್ನಡದಲ್ಲಿ ಓದಿ ಹೇಳಿದ್ದೇನೆ. ಬೆಳಗ್ಗೆ 8.40. ಡಾಕ್ಟರ್ ಹಾಜರಿದ್ದರು." ಯಾವುದಾದರೂ ಸಾಲು ಓದಲಾಗದಿದ್ದರೆ ಅದನ್ನೂ ಅಲ್ಲೇ ಬರೆಯಿರಿ. ಓದದ ಸಾಲಿನ ಕೆಳಗೆ ನಿಮ್ಮ ಸಹಿ ಇರಬಾರದು.